ಲ್ಯಾಪ್‌ಟಾಪ್ 97 ಡಿಗ್ರಿ ಮುಟ್ಟುತ್ತಿದೆ, ಲಿಕ್ವಿಡ್ ಮೆಟಲ್ ಹಾಕಲಾ, ಪೇಸ್ಟೇ ಸಾಕಾ?

ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ನನ್ನ ಹತ್ತಿರ ಆರು ಕೋರಿನ ಇಂಟೆಲ್ ಗೇಮಿಂಗ್ ಲ್ಯಾಪ್‌ಟಾಪ್ ಇದೆ, ಮೂರೂವರೆ ವರ್ಷ ಹಳೆಯದು, ವಾರಂಟಿ ಮುಗಿದಿದೆ. ಬ್ಲೆಂಡರ್‌ನಲ್ಲಿ ರೆಂಡರ್ ಹಾಕಿದರೆ ಐದೇ ನಿಮಿಷಕ್ಕೆ 97 ಡಿಗ್ರಿ. ಫ್ಯಾನ್ ಸದ್ದು ಹಿಟ್ಟಿನ ಗಿರಣಿ ಹಾಗೆ. ಪಿಜಿಯಲ್ಲಿ ರೂಮ್‌ಮೇಟ್ ರಾತ್ರಿ ಬೈಯುತ್ತಾನೆ.

ಒಂದು ವಿಡಿಯೋದಲ್ಲಿ ಲಿಕ್ವಿಡ್ ಮೆಟಲ್ ಹಾಕಿ ಒಂದೇ ಏಟಿಗೆ 20 ಡಿಗ್ರಿ ಇಳಿಸಿದ್ದು ನೋಡಿದೆ. ಕಂಡಕ್ಟೋನಾಟ್ ಅನ್ನುವ ಲಿಕ್ವಿಡ್ ಮೆಟಲ್‌ನ ಒಂದು ಗ್ರಾಂ ಸಿರಿಂಜ್ ಆರ್ಡರ್ ಮಾಡಲು ಕಾರ್ಟ್‌ನಲ್ಲಿ ಇಟ್ಟಿದ್ದೇನೆ. ಒತ್ತುವ ಮುಂಚೆ ಕೇಳೋಣ ಅಂತ. ಯಾರಾದರೂ ಹಾಕಿದ್ದೀರಾ? ಪಕ್ಕದ ಪಾರ್ಟ್‌ಗಳಿಗೆ ಏನಾದರೂ ಆಗುತ್ತಾ?

ಅರಸೀಕೆರೆ_ಜಂಕ್ಷನ್

ಬೇಡ ಗುರು, ಬೇಡವೇ ಬೇಡ. ಅದು ತಾಮ್ರವನ್ನೇ ತಿಂದು ಹಾಕುತ್ತದೆ. ನಮ್ಮಣ್ಣನ ಲ್ಯಾಪ್‌ಟಾಪ್‌ಗೆ ಯಾರೋ ಹಾಕಿಕೊಟ್ಟಿದ್ದರು, ಒಂದು ವರ್ಷ ಬಿಟ್ಟು ಬಿಚ್ಚಿದರೆ ಹೀಟ್‌ಸಿಂಕ್‌ನ ತಾಮ್ರ ಪೂರ್ತಿ ಬೂದು ಬಣ್ಣ, ಉಜ್ಜಿದರೂ ಹೋಗಲಿಲ್ಲ. ಇನ್ನೊಂದು ವರ್ಷ ಬಿಟ್ಟಿದ್ದರೆ ತೂತೇ ಬೀಳುತ್ತಿತ್ತು.

ಶಾಂತಿಗ್ರಾಮ_ರಮೇಶಪ್ಪ

ಲಿಕ್ವಿಡ್ ಅಂದರೆ ನೀರು ಹರಿಯುವ ಪೈಪು ಅಲ್ವಾ? ನನ್ನ ಮಗನ ಡೆಸ್ಕ್‌ಟಾಪ್‌ಗೆ ಹಾಕಿಸಿದ್ದೇವೆ, ಬಣ್ಣ ಬಣ್ಣದ ಲೈಟು ಬರುತ್ತದೆ. ಅದನ್ನು ಲ್ಯಾಪ್‌ಟಾಪ್ ಒಳಗೆ ಎಲ್ಲಿ ಕೂರಿಸುತ್ತೀರಿ? ನಮ್ಮದರಲ್ಲಿ ಪಂಪ್ ಗುರ್ ಅನ್ನುತ್ತಿದೆ, ಅದಕ್ಕೆ ಏನು ಮಾಡಬೇಕು ಗೊತ್ತಿದ್ದವರು ಹೇಳಿ.

ಬೆಸುಗೆ_ಬೆಂಚು

ನಾನು ಚಿಕ್ಕಮಗಳೂರಿನಲ್ಲಿ ಹದಿನಾಲ್ಕು ವರ್ಷದಿಂದ ಬೋರ್ಡ್ ರಿಪೇರಿ ಮಾಡುತ್ತಿದ್ದೇನೆ. ಲಿಕ್ವಿಡ್ ಮೆಟಲ್ ಹಾಕಿಯೂ ಇದ್ದೇನೆ, ಬೇರೆಯವರು ಹಾಕಿ ಕೆಡಿಸಿಕೊಂಡು ತಂದದ್ದನ್ನು ಒರೆಸಿಯೂ ಇದ್ದೇನೆ. ಎರಡನೆಯದೇ ಜಾಸ್ತಿ.

ಮೊದಲು ರಮೇಶಪ್ಪ ಸಾರ್ ಅವರಿಗೆ. ಇದು ನೀರಿನ ಕೂಲರ್ ಅಲ್ಲ ಸಾರ್. ಪ್ರೊಸೆಸರ್‌ಗೂ ಅದರ ಮೇಲೆ ಕೂರುವ ತಾಮ್ರದ ತಟ್ಟೆಗೂ ನಡುವೆ ಬಿಳಿ ಪೇಸ್ಟ್ ಹಚ್ಚುತ್ತಾರಲ್ಲ, ಅದರ ಬದಲು ಪಾದರಸದ ಹಾಗೆ ಕಾಣುವ ಲೋಹ. ಪಾದರಸ ಅಲ್ಲ, ಗ್ಯಾಲಿಯಂ, ಇಂಡಿಯಂ, ತವರ ಸೇರಿಸಿದ್ದು. ನಿಮ್ಮ ಪಂಪ್ ವಿಷಯ ಬೇರೆ. ರೇಡಿಯೇಟರ್‌ಗಿಂತ ಪಂಪ್ ಎತ್ತರದಲ್ಲಿದ್ದರೆ ಗಾಳಿ ಪಂಪ್‌ನಲ್ಲಿ ಸೇರಿ ಹಾಗೆ ಸದ್ದು ಮಾಡುತ್ತದೆ, ರೇಡಿಯೇಟರ್ ಮೇಲೆ ಬರುವ ಹಾಗೆ ಕೂರಿಸಿ ನೋಡಿ.

ಅರಸೀಕೆರೆಯವರೇ, ನೀವು ಹೇಳಿದ್ದು ಅರ್ಧ ಸರಿ. ಗ್ಯಾಲಿಯಂ ತಾಮ್ರದೊಳಗೆ ನಿಧಾನವಾಗಿ ಇಳಿಯುತ್ತದೆ, ಮೇಲೆ ಬೂದು ಬಣ್ಣದ ಮಿಶ್ರಲೋಹದ ಪದರ ಆಗುತ್ತದೆ. ನಿಮ್ಮಣ್ಣ ನೋಡಿದ್ದು ಅದೇ ಕಲೆ. ತೂತು ಬೀಳುವುದಿಲ್ಲ. ತೊಂದರೆ ತಾಮ್ರಕ್ಕಲ್ಲ, ಲಿಕ್ವಿಡ್ ಮೆಟಲ್‌ಗೆ. ತಾಮ್ರ ಗ್ಯಾಲಿಯಂ ಹೀರಿಕೊಂಡಷ್ಟೂ ನಡುವೆ ಉಳಿಯುವುದು ಕಡಿಮೆಯಾಗಿ ಒಣಗಿದಂತಾಗುತ್ತದೆ, ಶಾಖ ಮತ್ತೆ ಏರುತ್ತದೆ. ನಿಕಲ್ ಲೇಪನ ಇರುವ ತಟ್ಟೆಯಲ್ಲಿ ಇದು ತುಂಬಾ ಕಡಿಮೆ. ನಿಜವಾಗಿ ತಿನ್ನುವುದು ಅಲ್ಯೂಮಿನಿಯಂ ಅನ್ನು. ಅದರ ಕಥೆ ಆಮೇಲೆ ಹೇಳುತ್ತೇನೆ.

ಈಗ ಹುಡುಗರೇ, ನಿಮ್ಮ ವಿಷಯ. 97 ಅಂತ ಹೇಳಿದರೆ ನನಗೆ ಏನೂ ತಿಳಿಯುವುದಿಲ್ಲ. ಪ್ರೊಸೆಸರ್ ತಾನೇ ಅಲ್ಲಿಗೆ ಬಂದು ವೇಗ ಕಡಿಮೆ ಮಾಡಿಕೊಂಡು ನಿಲ್ಲುತ್ತದೆ. ಎಷ್ಟೇ ಕೆಟ್ಟಿದ್ದರೂ 97, ಸ್ವಲ್ಪ ಕೆಟ್ಟಿದ್ದರೂ 97. ಒಂದು ಕೆಲಸ ಮಾಡಿ. HWiNFO64 ತೆರೆದಿಟ್ಟು ಸಿನೆಬೆಂಚ್ ಆರ್23 ಹತ್ತು ನಿಮಿಷ ಓಡಿಸಿ. ಕೊನೆಯಲ್ಲಿ ಮೂರು ಅಂಕಿ ಬರೆದುಕೊಳ್ಳಿ: `CPU Package Power` ಎಷ್ಟು ವ್ಯಾಟ್‌ಗೆ ಬಂದು ನಿಂತಿದೆ, ಅತಿ ಬಿಸಿ ಕೋರ್ ಎಷ್ಟು, ಅತಿ ತಣ್ಣಗಿರುವ ಕೋರ್ ಎಷ್ಟು. ರೂಮಿನ ಶಾಖವನ್ನೂ ಹೇಳಿ. ಮೂರೂವರೆ ವರ್ಷದಲ್ಲಿ ಎಷ್ಟು ಸಲ ಫ್ಯಾನ್ ಬಿಚ್ಚಿ ಕ್ಲೀನ್ ಮಾಡಿದ್ದೀರಿ?

ಹೇಮಾವತಿ_ದಂಡೆ

ಅಕ್ಕ, ಕ್ಲೀನ್ ಮಾಡಿಲ್ಲ. ಬಿಚ್ಚೇ ಇಲ್ಲ. 🙈

ಓಡಿಸಿ ನೋಡಿದೆ. ರೂಮ್ 26 ಡಿಗ್ರಿ. ಶುರುವಿನಲ್ಲಿ ಅರವತ್ತು ವ್ಯಾಟ್ ದಾಟಿತ್ತು, ಹತ್ತು ನಿಮಿಷಕ್ಕೆ 41ಕ್ಕೆ ಇಳಿಯಿತು. ಅತಿ ಬಿಸಿ ಕೋರ್ 97, ಅತಿ ತಣ್ಣಗಿನದು 78.

ಬೆಸುಗೆ_ಬೆಂಚು

ನಿಮ್ಮ ಉತ್ತರ ಆ 78ರಲ್ಲಿದೆ.

ಒಂದೇ ಚಿಪ್, ಒಂದೇ ಕೆಲಸ, ಆದರೂ ಕೋರ್‌ಗಳ ನಡುವೆ 19 ಡಿಗ್ರಿ ಅಂತರ. ಏಳೆಂಟು, ಹತ್ತು ಇದ್ದರೆ ಸಹಜ ಅನ್ನಬಹುದು. 19 ಅಂದರೆ ಚಿಪ್ಪಿನ ಒಂದು ಕಡೆ ಪೇಸ್ಟ್ ಇದೆ, ಇನ್ನೊಂದು ಕಡೆ ಇಲ್ಲ. ಲ್ಯಾಪ್‌ಟಾಪ್ ಚಿಪ್ ಬರಿಮೈಯಲ್ಲಿರುತ್ತದೆ, ಡೆಸ್ಕ್‌ಟಾಪ್ ಹಾಗೆ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ. ಬಿಸಿಯಾದಾಗ ಉಬ್ಬಿ, ಆರಿದಾಗ ಕುಗ್ಗಿ, ದಿನಾ ಹೀಗೇ ಆಗಿ ಆಗಿ ಪೇಸ್ಟ್ ನಿಧಾನವಾಗಿ ಅಂಚಿಗೆ ಸರಿದುಬಿಡುತ್ತದೆ. ದೋಸೆ ಕಾವಲಿಯ ನಡುವೆ ಹಾಕಿದ ಎಣ್ಣೆ ಅಂಚಿಗೆ ಓಡುತ್ತದಲ್ಲ, ಹಾಗೆ. ಬಿಚ್ಚಿದರೆ ನಡುವೆ ಚಿಪ್ ಹೊಳೆಯುತ್ತಿರುತ್ತದೆ, ಸುತ್ತ ಒಣಗಿದ ದಂಡೆ.

ಆ ವಿಡಿಯೋದವರು 20 ಡಿಗ್ರಿ ಇಳಿಸಿದ್ದು ನಿಜವೇ ಇರಬಹುದು. ಆದರೆ ಅವರು ಹೋಲಿಸಿದ್ದು ಸತ್ತ ಪೇಸ್ಟ್ ಜೊತೆ. ಹೊಸ ಪೇಸ್ಟ್ ಹಾಕಿದ್ದರೂ ಅದರಲ್ಲಿ ಮುಕ್ಕಾಲು ಇಳಿಯುತ್ತಿತ್ತು.

ಬೇಲೂರ್_ಬೈಪಾಸ್

ಅಕ್ಕ ಒಂದು ಡೌಟು. ಶಾಖ ಎಷ್ಟು ಚೆನ್ನಾಗಿ ಸಾಗಿಸುತ್ತದೆ ಅನ್ನುವ ಅಂಕಿ ಡಬ್ಬಿ ಮೇಲೆ ಕಂಡಕ್ಟೋನಾಟ್‌ಗೆ 73, ಕ್ರಯೋನಾಟ್ ಪೇಸ್ಟಿಗೆ 12.5 ಅಂತ ಬರೆದಿರುತ್ತದೆ. ಆರು ಪಟ್ಟು ಹತ್ತಿರ ಹತ್ತಿರ. ಆರು ಪಟ್ಟು ಒಳ್ಳೆಯದಾದರೆ ಶಾಖವೂ ಅಷ್ಟೇ ಇಳಿಯಬೇಕಲ್ವಾ? ಮುಕ್ಕಾಲು ಪೇಸ್ಟಿಗೇ ಬರುತ್ತದೆ ಅಂದರೆ ಆ 73ಕ್ಕೆ ಏನು ಬೆಲೆ?

ಬೆಸುಗೆ_ಬೆಂಚು

ಒಳ್ಳೆ ಪ್ರಶ್ನೆ. ಹಾಸನದಿಂದ ಬೆಂಗಳೂರಿಗೆ ಹೋಗುವಾಗ ಒಂದು ಟೋಲ್‌ಗೇಟಿನ ಕ್ಯೂ ತೆಗೆದುಬಿಟ್ಟರೆ ಎಷ್ಟು ಹೊತ್ತು ಉಳಿಯುತ್ತದೆ? ಆ ಕ್ಯೂನಲ್ಲಿ ನಿಂತಷ್ಟು ಹೊತ್ತು ಮಾತ್ರ. ಉಳಿದ ದಾರಿ ಅಷ್ಟೇ ಉದ್ದ ಇರುತ್ತದೆ. ಶಾಖವೂ ಚಿಪ್ಪಿನಿಂದ ಹೊರಟು ಪೇಸ್ಟ್ ದಾಟಿ, ತಾಮ್ರದ ತಟ್ಟೆ, ಹೀಟ್‌ಪೈಪ್, ರೆಕ್ಕೆಗಳು, ಕೊನೆಗೆ ಫ್ಯಾನ್ ಊದುವ ಗಾಳಿ, ಇಷ್ಟು ದಾಟಬೇಕು. ಸರಿಯಾಗಿ ಹಚ್ಚಿದ ಹೊಸ ಪೇಸ್ಟ್ ಪದರದಲ್ಲಿ ಕಳೆದುಹೋಗುವುದು ಇಂಥ ಲ್ಯಾಪ್‌ಟಾಪ್‌ನಲ್ಲಿ ಏಳೆಂಟು ಡಿಗ್ರಿ ಇರಬಹುದು. ನೀವು 73 ಅಲ್ಲ, 730 ತಂದು ಹಾಕಿದರೂ ಉಳಿಸಲು ಸಾಧ್ಯ ಇರುವುದು ಅದರೊಳಗೇ.

ನಾನೇ ಹಾಕಿ ನೋಡಿದವುಗಳಲ್ಲಿ, ಒಳ್ಳೆ ಪೇಸ್ಟಿಗಿಂತ ಲಿಕ್ವಿಡ್ ಮೆಟಲ್ ಐದಾರು ಡಿಗ್ರಿ ಕೆಳಗೆ ಕೊಟ್ಟಿದೆ. ತುಂಬಾ ವ್ಯಾಟ್ ಕುಡಿಯುವ ಚಿಪ್ಪಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಇದು ಸುಳ್ಳು ಲಾಭ ಅಲ್ಲ. ಆದರೆ ಅದಕ್ಕೆ ಏನು ಪಣ ಇಡುತ್ತಿದ್ದೀರಿ ಅನ್ನುವುದು ಮುಖ್ಯ.

ರೈಜೆನ್_ರಾಮು

ನಾನು ಡೆಸ್ಕ್‌ಟಾಪ್‌ನಲ್ಲಿ ಹಾಕಿದ್ದೆ, ರೈಜೆನ್ 5 5600 ಮೇಲೆ. ಎಷ್ಟು ಇಳಿಯಿತು ಗೊತ್ತಾ? ಎರಡು ಡಿಗ್ರಿ. ಅರ್ಧ ದಿನ ಹಾಳು. ಒಂದೇ ಸಮಾಧಾನ ಅಂದರೆ ಸಿರಿಂಜ್ ಫ್ರೆಂಡ್ ಕೊಟ್ಟಿದ್ದ.

ಬೆಸುಗೆ_ಬೆಂಚು

ಅಷ್ಟೇ ಬರುವುದು. ಆ ಚಿಪ್ಪಿನ ಮೇಲೆ ಮುಚ್ಚಳ ಇದೆ, ಒಳಗೆ ಆಗಲೇ ಬೆಸುಗೆ ಹಾಕಿಯೇ ಕೂರಿಸಿರುತ್ತಾರೆ. ಶಾಖ ಮುಚ್ಚಳಕ್ಕೆ ಬಂದು ಅಗಲವಾಗಿ ಹರಡಿಕೊಂಡ ಮೇಲೆ ಅಲ್ಲಿ ಪೇಸ್ಟ್ ಇದ್ದರೂ ಏನೂ ಅಡ್ಡಿ ಇಲ್ಲ. ರಾಮು, ಕೂಲರ್ ಯಾವುದು? ಬಾಕ್ಸ್ ಜೊತೆ ಬಂದದ್ದಾ?

ರೈಜೆನ್_ರಾಮು

ಇಲ್ಲ, ಬೇರೆ ತಗೊಂಡಿದ್ದೆ, ತಾಮ್ರದ ತಳದ್ದು. ಯಾಕೆ?

ಬೆಸುಗೆ_ಬೆಂಚು

ಬಚಾವಾದಿರಿ. 5600 ಜೊತೆ ಬಾಕ್ಸ್‌ನಲ್ಲಿ ಬರುವ ಚಿಕ್ಕ ಕೂಲರ್‌ನ ತಳ ಅಲ್ಯೂಮಿನಿಯಂ.

ನನ್ನ ಹತ್ತಿರ ಕೆಲಸ ಕಲಿಯುವ ಹುಡುಗನಿಗೆ ಒಮ್ಮೆ ತೋರಿಸಿದ್ದೆ. ಹಳೆ ಅಲ್ಯೂಮಿನಿಯಂ ಕೂಲರ್‌ನ ಒಂದು ರೆಕ್ಕೆಯ ಬುಡವನ್ನು ಬ್ಲೇಡಿನಿಂದ ಗೀರಿ, ಗೀರಿದ ಜಾಗಕ್ಕೆ ಒಂದು ಹನಿ ಉಜ್ಜಿ ಇಟ್ಟೆವು. ಗೀರದಿದ್ದರೆ ಮೇಲಿನ ಆಕ್ಸೈಡ್ ಪದರ ಸ್ವಲ್ಪ ಹೊತ್ತು ತಡೆಯುತ್ತದೆ, ಗೀರಿದ ಕಡೆ ಗ್ಯಾಲಿಯಂ ನೇರ ಒಳಗೆ ನುಗ್ಗುತ್ತದೆ. ಮಾರನೇ ದಿನ ಬೆಳಿಗ್ಗೆ ಬೂದಿ ಹಾಗೆ ಪುಡಿ ಎದ್ದಿತ್ತು. ಹುಡುಗ ಉಗುರಿನಲ್ಲಿ ತಳ್ಳಿದ, ರೆಕ್ಕೆ ಹಳೆ ಹಪ್ಪಳ ಮುರಿದ ಹಾಗೆ ಮುರಿದು ಬಿತ್ತು. ಸದ್ದೂ ಬರಲಿಲ್ಲ.

ಲ್ಯಾಪ್‌ಟಾಪ್‌ನಲ್ಲಿ ಇದು ಗೊಂದಲ. ನಡುವಿನ ತಟ್ಟೆ ತಾಮ್ರ ಇದ್ದು, ಸುತ್ತಲಿನ ಚೌಕಟ್ಟು ಅಲ್ಯೂಮಿನಿಯಂ ಇರಬಹುದು. ಬಣ್ಣ ನೋಡಿ ಹೇಳಲು ಆಗುವುದಿಲ್ಲ, ನಿಕಲ್ ಲೇಪಿಸಿದ ತಾಮ್ರವೂ ಬೆಳ್ಳಗೇ ಇರುತ್ತದೆ. ಆಯಸ್ಕಾಂತವೂ ಪ್ರಯೋಜನ ಇಲ್ಲ, ಎರಡಕ್ಕೂ ಅಂಟುವುದಿಲ್ಲ. ಚಿಪ್ ಕೂರದ ಒಂದು ಮೂಲೆಯಲ್ಲಿ ಸೂಜಿಯಿಂದ ಸಣ್ಣಗೆ ಗೀರಿ ನೋಡಬೇಕು. ಒಳಗೆ ಕೆಂಪು ಕಂಡರೆ ತಾಮ್ರ, ಒಳಗೂ ಬಿಳಿಯೇ ಇದ್ದರೆ ಸಿರಿಂಜ್ ವಾಪಸ್ ಡಬ್ಬಿಗೆ.

ಕಣದ_ಧೂಳು

ಮೂಡಿಗೆರೆ ಕಡೆಯಿಂದ. ನಮ್ಮ ತೋಟದ ಆಫೀಸ್ ಲ್ಯಾಪ್‌ಟಾಪೂ ಹೀಗೇ ಕಾಯುತ್ತಿತ್ತು ಮಾರಾಯ್ರೆ. ಜನವರಿ ಕೊಯ್ಲಿನ ಹೊತ್ತಲ್ಲಿ ಕಣದ ಪಕ್ಕದಲ್ಲೇ ಟೇಬಲ್ ಹಾಕಿ ಆಳುಗಳ ಲೆಕ್ಕ ಬರೆಯುವುದು, ಕಾಫಿ ಸಿಪ್ಪೆ ಧೂಳು ಹಾರುತ್ತಲೇ ಇರುತ್ತದೆ. ನಾನೂ ಪೇಸ್ಟ್ ಹೋಗಿದೆ ಅಂದುಕೊಂಡೆ. ಬಿಚ್ಚಿಸಿದರೆ ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ಕಂಬಳಿ ತುಂಡಿನ ಹಾಗೆ ಧೂಳು ಹೆಪ್ಪುಗಟ್ಟಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಒಂದೇ ತುಂಡಾಗಿ ಬಂತು. ಪೇಸ್ಟ್ ಮುಟ್ಟಲೇ ಇಲ್ಲ, 15 ಡಿಗ್ರಿ ಇಳಿಯಿತು. ತಮ್ಮ, ನೀನು ಮೊದಲು ಅದನ್ನು ನೋಡು.

ಘಾಟಿ_ಸವಾರ

ಹೇಳಲೋ ಬೇಡವೋ ಅಂತ ಯೋಚನೆ ಮಾಡುತ್ತಿದ್ದೆ. ಹೇಳಿಬಿಡುತ್ತೇನೆ, ನಾನು ಲಿಕ್ವಿಡ್ ಮೆಟಲ್ ಹಾಕಿ ಒಂದು ಲ್ಯಾಪ್‌ಟಾಪ್ ಕೊಂದವನು.

ಹೋದ ವರ್ಷ. ನಾನು ಸಕಲೇಶಪುರದವನು, ಕೆಲಸ ಹಾಸನದಲ್ಲಿ, ದಿನಾ ಬೈಕ್. ಸಿರಿಂಜ್ ತಂದೆ, ವಿಡಿಯೋ ನಾಲ್ಕು ಸಲ ನೋಡಿದೆ. ಒತ್ತಿದರೆ ಬರಲಿಲ್ಲ. ಇನ್ನೂ ಸ್ವಲ್ಪ ಒತ್ತಿದೆ. ಒಳಗೆ ಗಾಳಿಗುಳ್ಳೆ ಇತ್ತೋ ಏನೋ, ಪಿಚಕ್ ಅಂತ ಒಂದೇ ಸಲ ದೊಡ್ಡ ಹನಿ ಬಿತ್ತು. ಹೇಗೂ ಬಿದ್ದಿದೆ, ವಾಪಸ್ ಯಾಕೆ ಎಳೆಯುವುದು, ಜಾಸ್ತಿ ಇದ್ದರೆ ಒಳ್ಳೆಯದೇ ಅಂತ ಹರಡಿಬಿಟ್ಟೆ. ಮುಚ್ಚಿ ಸ್ಕ್ರೂ ಹಾಕಿದೆ. ಆನ್ ಆಯಿತು, ಶಾಖ ಸೂಪರ್. ಎಲ್ಲರಿಗೂ ಸ್ಕ್ರೀನ್‌ಶಾಟ್ ಕಳಿಸಿದೆ.

ಮೂರು ವಾರ ಏನೂ ಇಲ್ಲ. ಒಂದು ಸೋಮವಾರ ಆಫೀಸಿಗೆ ಹೋಗಿ ಬ್ಯಾಗಿನಿಂದ ತೆಗೆದು ಬಟನ್ ಒತ್ತಿದೆ, ಲೈಟ್ ಒಂದು ಸಲ ಮಿನುಗಿ ಆರಿತು. ಮತ್ತೆ ಒತ್ತಿದರೆ ಮತ್ತೆ ಅದೇ. ಬಿಚ್ಚಿ ನೋಡಿದರೆ ಚಿಪ್ಪಿನ ಪಕ್ಕ ಹಸಿರು ಜಾಗದಲ್ಲಿ ಅಕ್ಕಿನುಚ್ಚಿನ ಗಾತ್ರದ ಕೆಪಾಸಿಟರ್‌ಗಳ ಸಾಲು ಇರುತ್ತದಲ್ಲ, ಅದರ ಎರಡರ ನಡುವೆ ಒಂದು ಬೆಳ್ಳಿ ಗುಂಡು ಕೂತಿತ್ತು. ಸಾಸಿವೆಗಿಂತ ಚಿಕ್ಕದು. ಎಷ್ಟು ಚೆನ್ನಾಗಿ ಹೊಳೆಯುತ್ತಿತ್ತು ಅಂದರೆ ನನಗೆ ಅಳು ಬಂತು.

ಅರಸೀಕೆರೆ_ಜಂಕ್ಷನ್

ಅದನ್ನು ಒರೆಸಿದರೆ ಸರಿಯಾಗಲಿಲ್ವಾ? ಮಲ್ಟಿಮೀಟರ್ ಬೀಪ್‌ನಲ್ಲಿ ಇಟ್ಟು ಆ ಕೆಪಾಸಿಟರ್ ಮೇಲೆ ಹಿಡಿದರೆ ಶಾರ್ಟ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಘಾಟಿ_ಸವಾರ

ಒರೆಸಿದೆ. ಬಟ್ಟೆಯಲ್ಲಿ. ಇನ್ನಷ್ಟು ಹರಡಿತು.

ಬೆಸುಗೆ_ಬೆಂಚು

ಅಯ್ಯೋ. ಬಟ್ಟೆ ಬೇಡ, ಇನ್ನು ಯಾರಿಗಾದರೂ ಹೀಗಾದರೆ. ಮೊದಲು ಬ್ಯಾಟರಿ ಕನೆಕ್ಟರ್ ಕೀಳಿ. ಖಾಲಿ ಸಿರಿಂಜಿನಿಂದ ಗುಂಡನ್ನು ಹೀರಿ ತೆಗೆಯಿರಿ. ಉಳಿದದ್ದನ್ನು ಒಣ ಕಾಟನ್ ಬಡ್‌ನಿಂದ ಮುಟ್ಟಿ ಮುಟ್ಟಿ ಎತ್ತಬೇಕು, ಉಜ್ಜಬಾರದು. ಐಪಿಎ, ಅಂದರೆ ಬೋರ್ಡ್ ಒರೆಸುವ ಆಲ್ಕೋಹಾಲ್, ಕೊನೆಗೆ. ಅದು ಲಿಕ್ವಿಡ್ ಮೆಟಲ್ ಅನ್ನು ಕರಗಿಸುವುದಿಲ್ಲ, ಪೇಸ್ಟ್ ಹಾಗೆ ಕರಗಿ ಬರುತ್ತದೆ ಅಂತ ಸುರಿದರೆ ಗುಂಡುಗಳು ತೇಲಿ ಚಿಪ್ಪಿನ ಕೆಳಗೇ ಹೋಗುತ್ತವೆ.

ಬೀಪ್ ವಿಷಯದಲ್ಲಿ ಜಾಗ್ರತೆ. ಚಿಪ್ಪಿನ ಸುತ್ತಲಿನ ಕೆಪಾಸಿಟರ್‌ಗಳಲ್ಲಿ ಬಹಳಷ್ಟು ಕೋರ್ ವೋಲ್ಟೇಜ್‌ಗೂ ಗ್ರೌಂಡ್‌ಗೂ ನಡುವೆ ಕೂತಿರುತ್ತವೆ. ಆ ಲೈನ್ ಆರೋಗ್ಯವಾಗಿದ್ದಾಗಲೂ ಬರೀ ಕೆಲವು ಓಂ ತೋರಿಸುತ್ತದೆ, ದೊಡ್ಡ ಚಿಪ್‌ಗಳಲ್ಲಿ ಒಂದು ಓಂಗಿಂತ ಕಡಿಮೆಯೂ ಇರಬಹುದು. ಮೀಟರ್ ಬೀಪ್ ಅನ್ನುತ್ತದೆ, ನೀವು ಬೋರ್ಡ್ ಸತ್ತಿತು ಅಂತ ಎಸೆಯುತ್ತೀರಿ. ಹಾಗೆ ಎಸೆಯಲು ಹೊರಟಿದ್ದ ಬೋರ್ಡ್ ನನ್ನ ಬೆಂಚಿನಲ್ಲಿ ಎದ್ದು ಕೂತಿದೆ. ಓಂ ರೇಂಜಿನಲ್ಲಿ ಅಂಕಿ ಓದಿ, ಅದೇ ಮಾಡೆಲ್‌ನ ಒಳ್ಳೆ ಬೋರ್ಡ್ ಜೊತೆ ಹೋಲಿಸಬೇಕು.

ಸವಾರರೇ, ನಿಮಗೆ ನೋವಾಗುವ ಲೆಕ್ಕ ಒಂದು ಹೇಳಲಾ? ಒಂದು ಗ್ರಾಂ ಸಿರಿಂಜಿನಲ್ಲಿ ಇರುವುದು ಸುಮಾರು 155 ಘನ ಮಿಲಿಮೀಟರ್. ಎರಡು ಮಿಲಿಮೀಟರ್ ಅಗಲದ ಸಾಸಿವೆ ಕಾಳಿನಷ್ಟು ಹನಿ ಅಂದರೆ ನಾಲ್ಕು ಘನ ಮಿಲಿಮೀಟರ್. ಚಿಪ್ಪಿನ ಮೇಲ್ಮೈ 200 ಚದರ ಮಿಲಿಮೀಟರ್ ಇಟ್ಟುಕೊಳ್ಳಿ. ಸಾಸಿವೆಯಷ್ಟು ಹರಡಿದರೆ ಪದರ 0.02 ಮಿಲಿಮೀಟರ್, ಸಾಕು. ತಟ್ಟೆಗೂ ಅಷ್ಟೇ ತೆಳ್ಳಗೆ ಉಜ್ಜಿದರೆ ಮುಗಿಯಿತು. ನೀವು ಸಿರಿಂಜಿನ ಕಾಲು ಭಾಗ ಹಾಕಿದ್ದೀರಿ ಅಂದುಕೊಳ್ಳೋಣ, ಅದು ಹತ್ತು ಸಾಸಿವೆ, ಪದರ 0.2 ಮಿಲಿಮೀಟರ್. ಸ್ಕ್ರೂ ಬಿಗಿದ ಮೇಲೆ ಅಲ್ಲಿ ಅಷ್ಟು ಜಾಗವೇ ಇರುವುದಿಲ್ಲ. ಉಳಿದದ್ದು ಅಂಚಿಗೆ ಬಂದು ಗುಂಡಾಗಿ ತೂಗುತ್ತಿರುತ್ತದೆ. ಆವತ್ತೇ ಬೀಳಬೇಕು ಅಂತೇನಿಲ್ಲ. ಘಾಟಿಯ ಒಂದು ಗುಂಡಿಗೆ ಬೈಕ್ ಎಗರಿದ ದಿನ ಬೀಳುತ್ತದೆ.

ಘಾಟಿ_ಸವಾರ

ಹತ್ತು ಸಾಸಿವೆ. 😐 ಇರಬಹುದು. ಕೊನೆಗೆ ಬೋರ್ಡ್ ಎದ್ದಿತು ಅಕ್ಕ, ಆದರೆ ಎರಡು ತಿಂಗಳಿಗೆ ಮತ್ತೆ ಹೋಯಿತು. ಆಗ ಯಾವ ಗುಂಡೂ ಕಾಣಲಿಲ್ಲ. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಬೆಸುಗೆ_ಬೆಂಚು

ನೋಡದೆ ಹೇಳುವುದು ಕಷ್ಟ. ಒಂದು ಸಾಧ್ಯತೆ ಇದೆ. ಗ್ಯಾಲಿಯಂ ಬೆಸುಗೆಯ ತವರದ ಜೊತೆಯೂ ಬೆರೆಯುತ್ತದೆ. ಒರೆಸಿದರೂ ಕೆಪಾಸಿಟರ್ ಕಾಲಿನ ಬೆಸುಗೆಯೊಳಗೆ ಇಳಿದದ್ದು ಅಲ್ಲೇ ಇರುತ್ತದೆ, ಆ ಬೆಸುಗೆ ಮೆತ್ತಗಾಗಿ ಅಥವಾ ಬಿರುಕು ಬಿಟ್ಟು ಕೆಪಾಸಿಟರ್ ಸಡಿಲ ಆಗಬಹುದು. ಚಿಮಟದಿಂದ ಮೆಲ್ಲಗೆ ತಳ್ಳಿದರೆ ಕೈಗೇ ಬಂದದ್ದನ್ನು ನಾನು ನೋಡಿದ್ದೇನೆ. ನಿಮ್ಮದರಲ್ಲಿ ಅದೇನಾ, ಬೇರೆನಾ, ಬೋರ್ಡ್ ಇಲ್ಲದೆ ಹೇಳಲಾರೆ.

ನೆಲಮನೆ_ನೆಟ್‌ವರ್ಕ್

ಎಲ್ಲರೂ ಹೆದರಿಸುತ್ತಿದ್ದೀರಿ, ಇನ್ನೊಂದು ಕಡೆಯನ್ನೂ ಹೇಳಲಾ? ನನ್ನ ಲ್ಯಾಪ್‌ಟಾಪ್‌ನಲ್ಲಿ ಎರಡು ವರ್ಷ ಒಂಬತ್ತು ತಿಂಗಳಿಂದ ಲಿಕ್ವಿಡ್ ಮೆಟಲ್ ಇದೆ. ಒಂದೇ ಸಲ, ಒಂದು ವರ್ಷಕ್ಕೆ ಬಿಚ್ಚಿ ಮತ್ತೆ ಹಚ್ಚಿದೆ, ಮೊದಲನೆಯದನ್ನು ತಾಮ್ರ ಕುಡಿದುಬಿಟ್ಟಿತ್ತು, ಶಾಖ ಏಳು ಡಿಗ್ರಿ ಏರಿತ್ತು. ಎರಡನೇ ಸಲ ಹಚ್ಚಿದ್ದು ಹಾಗೇ ಇದೆ. ತಾಮ್ರ ಒಂದು ಸಲ ಕುಡಿದು ತೃಪ್ತಿ ಆದ ಮೇಲೆ ಆಮೇಲೆ ನಿಧಾನ ಆಗುತ್ತದೆ ಅಂತ ನನ್ನ ಅನುಭವ.

ಹಾಕಿದ ರೀತಿ ಹೇಳುತ್ತೇನೆ. ಚಿಪ್ ಸುತ್ತಲಿನ ಎಲ್ಲ ಕೆಪಾಸಿಟರ್ ಮೇಲೆ ಬಣ್ಣ ಇಲ್ಲದ ನೇಲ್ ಪಾಲಿಶ್, ತೆಳ್ಳಗೆ ಎರಡು ಸಲ. ಹೆಂಡತಿಯದು ಕದ್ದದ್ದು, ಬೈಸಿಕೊಂಡೆ. ಒಂದು ರಾತ್ರಿ ಒಣಗಲು ಬಿಟ್ಟೆ. ಮಾರನೇ ದಿನ ಟಾರ್ಚ್ ಓರೆಯಾಗಿ ಹಿಡಿದು ಹೊಳಪು ಬರದ ಜಾಗ ಹುಡುಕಿದೆ, ಎರಡು ಕೆಪಾಸಿಟರ್ ತಪ್ಪಿಹೋಗಿತ್ತು. ಮತ್ತೆ ಬಳಿದೆ. ಅದರ ಮೇಲೆ ಕಾಪ್ಟನ್ ಟೇಪ್, ಅದರ ಸುತ್ತ ತೆಳ್ಳನೆ ಫೋಮ್ ಕತ್ತರಿಸಿ ಚೌಕಟ್ಟು. ಮೊದಲ ಹನಿಯನ್ನು ಟಿಶ್ಯೂ ಮೇಲೆ ಒತ್ತಿದೆ, ಗಾಳಿ ಹೋಗಲಿ ಅಂತ. ಕಾಟನ್ ಬಡ್‌ನಲ್ಲಿ ಚಿಪ್ ಮೇಲೆ ತಿರುವಿ ತಿರುವಿ ಉಜ್ಜಬೇಕು, ಮೊದಲು ಗುಂಡು ಗುಂಡಾಗಿ ಓಡಾಡುತ್ತದೆ, ಒಂದು ಹೊತ್ತಲ್ಲಿ ಇದ್ದಕ್ಕಿದ್ದ ಹಾಗೆ ಅಂಟಿಕೊಂಡು ಕನ್ನಡಿ ಆಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು.

ಪಿಎಸ್5 ಒಳಗೂ ಕಾರ್ಖಾನೆಯಿಂದಲೇ ಲಿಕ್ವಿಡ್ ಮೆಟಲ್ ಬರುತ್ತದೆ. ಅಷ್ಟು ಅಪಾಯ ಇದ್ದರೆ ಮನೆಮನೆಗೆ ಮಾರುತ್ತಿದ್ದರಾ?

ಬೆಸುಗೆ_ಬೆಂಚು

ನೀವು ಮಾಡಿದ ಹಾಗೆ ಮಾಡುವವರು ನನ್ನ ಅಂಗಡಿಗೆ ಬರುವುದೇ ಇಲ್ಲ, ಅದಕ್ಕೇ ನನಗೆ ಕಾಣುವುದು ಬರೀ ಕೆಟ್ಟದ್ದು, ಒಪ್ಪುತ್ತೇನೆ. ಪಿಎಸ್5ನಲ್ಲಿ ಲೋಹ ಆಚೆ ಬಾರದಂತೆ ಸುತ್ತ ಸೀಲ್ ವಿನ್ಯಾಸದಲ್ಲೇ ಇದೆ. ಅದು ಟಿವಿ ಪಕ್ಕ ಕೂರುತ್ತದೆ, ದಿನಾ ಬ್ಯಾಗಿನಲ್ಲಿ ಉದ್ದಕ್ಕೆ ನಿಂತು ಬಸ್ಸು ಹತ್ತುವುದಿಲ್ಲ.

ನಿಮ್ಮ ಲ್ಯಾಪ್‌ಟಾಪ್ ಮನೆ ಬಿಟ್ಟು ಹೋಗುತ್ತದಾ?

ನೆಲಮನೆ_ನೆಟ್‌ವರ್ಕ್

ವರ್ಷಕ್ಕೆ ಎರಡು ಸಲ ಊರಿಗೆ. ಆದರೂ ಬ್ಯಾಗಿನಲ್ಲಿ ನಿಲ್ಲಿಸಿದರೆ ಸೋರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ತೆಳ್ಳಗೆ ಇದ್ದರೆ ಅಷ್ಟು ಸಣ್ಣ ಸಂದಿಯಲ್ಲಿ ಅದು ತಾನೇ ಹಿಡಿದುಕೊಂಡಿರುತ್ತದೆ.

ಬೆಸುಗೆ_ಬೆಂಚು

ತೆಳ್ಳಗೆ ಇದ್ದರೆ. ಆ "ಇದ್ದರೆ" ಮೇಲೆ ನನ್ನ ನಂಬಿಕೆ ಕಡಿಮೆ, ನಿಮ್ಮದು ಜಾಸ್ತಿ. ಬಿಡಿ.

ಮಲ್ನಾಡ್_ಮೇಡಂ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಲ್ಯಾಪ್‌ಟಾಪ್ ತಗೊಂಡಾಗಲೇ ಒಳಗೆ ಲಿಕ್ವಿಡ್ ಮೆಟಲ್ ಇದೆ ಅಂತ ಡಬ್ಬಿ ಮೇಲೆ ಬರೆದಿತ್ತು. ಈಗ ಸ್ವಲ್ಪ ಕಾಯುತ್ತಿದೆ. ಕೊಪ್ಪದಲ್ಲಿ ಒಬ್ಬರು ಬಿಚ್ಚಿ ಪೇಸ್ಟ್ ಹಾಕಿಕೊಡುತ್ತೇನೆ ಅನ್ನುತ್ತಿದ್ದಾರೆ. ಹಾಕಿಸಲಾ?

ಬೆಸುಗೆ_ಬೆಂಚು

ಮೊದಲು ಹೀಟ್‌ಸಿಂಕ್ ಎತ್ತದೆ ಫ್ಯಾನ್ ಮಾತ್ರ ಬಿಚ್ಚಿ ಧೂಳು ತೆಗೆಸಿ ಮೇಡಂ, ಆಮೇಲೆ ಅಳೆಯಿರಿ. ಹೀಟ್‌ಸಿಂಕ್ ಎತ್ತಲೇಬೇಕು ಅಂದರೆ, ಒಳಗೆ ಲಿಕ್ವಿಡ್ ಮೆಟಲ್ ಇದೆ ಅಂತ ಬಿಚ್ಚುವವರಿಗೆ ಗೊತ್ತಿರಲೇಬೇಕು. ಗೊತ್ತಿಲ್ಲದೆ ಒಂದು ಕಡೆಯಿಂದ ಮಾಮೂಲಿ ಹಾಗೆ ಓರೆಯಾಗಿ ಕಿತ್ತರೆ ಹನಿಗಳು ಬೋರ್ಡ್ ಮೇಲೆ ಸಿಡಿಯುತ್ತವೆ. ಸುತ್ತಲಿನ ಫೋಮ್ ಹರಿದರೆ ಹೊಸದು ಬೇಕು. ಅವರಿಗೆ ಇದನ್ನು ಹೇಳಿ, ಅವರ ಮುಖ ನೋಡಿ. "ಅದೇನೂ ಆಗಲ್ಲ ಕೊಡಿ" ಅಂದರೆ ಕೊಡಬೇಡಿ.

ಹೇಮಾವತಿ_ದಂಡೆ

ಎಲ್ಲ ಓದಿದೆ. ಕಾರ್ಟ್‌ನಿಂದ ತೆಗೆದಿದ್ದೇನೆ, ಆದರೆ ಪೂರ್ತಿ ಮನಸ್ಸಿಲ್ಲ. ನೆಲಮನೆ ಅಣ್ಣ ಹೇಳಿದ ಹಾಗೆ ನೇಲ್ ಪಾಲಿಶ್, ಫೋಮ್ ಎಲ್ಲ ಮಾಡಿದರೆ ನಾನೂ ಮಾಡಬಹುದಲ್ವಾ? ನಾನೂ ನಿಧಾನವಾಗಿಯೇ ಕೆಲಸ ಮಾಡುವವನು.

ಬೆಸುಗೆ_ಬೆಂಚು

ನಿಮ್ಮ ಕೈ ಬಗ್ಗೆ ಅನುಮಾನ ಇಲ್ಲ. ಇಷ್ಟು ಕೇಳುತ್ತೇನೆ. ಲ್ಯಾಪ್‌ಟಾಪ್ ದಿನಾ ಕಾಲೇಜಿಗೆ ಹೋಗುತ್ತದಾ? ಅದು ಕೆಟ್ಟರೆ ನಾಳೆ ಪ್ರಾಜೆಕ್ಟ್ ತೋರಿಸಲು ಇನ್ನೊಂದು ಮಿಷನ್ ಇದೆಯಾ? ಹೀಟ್‌ಸಿಂಕ್ ಒಂದು ಸಲವಾದರೂ ಬಿಚ್ಚಿ ಕೂರಿಸಿದ್ದೀರಾ?

ಮೂರಕ್ಕೂ ಉತ್ತರ ನನಗೆ ಗೊತ್ತು. ಇದನ್ನು ಹಾಕಬೇಕಾದವರು ಬೇರೆ. ಟೇಬಲ್ ಬಿಟ್ಟು ಕದಲದ ಮಿಷನ್ ಇರುವವರು, ಮುಚ್ಚಳ ಇಲ್ಲದ ಚಿಪ್ ಇರುವವರು, ಈಗಾಗಲೇ ಹೊಸ ಪೇಸ್ಟ್ ಹಾಕಿ, ಧೂಳು ತೆಗೆದು, ಇನ್ನೂ ಐದು ಡಿಗ್ರಿ ಬೇಕೇ ಬೇಕು ಅನ್ನುವವರು, ವರ್ಷಕ್ಕೊಮ್ಮೆ ಬಿಚ್ಚಿ ನೋಡುವ ಚಟ ಇರುವವರು.

ನೀವು ಪಿಟಿಎಂ 7950 ಅನ್ನುವ ಶೀಟ್ ಸಿಕ್ಕರೆ ಅದನ್ನು ಹಾಕಿ. 45 ಡಿಗ್ರಿ ಆಸುಪಾಸು ಮೆತ್ತಗಾಗಿ ಹರಡಿಕೊಳ್ಳುತ್ತದೆ, ಪೇಸ್ಟ್ ಹಾಗೆ ಅಂಚಿಗೆ ಓಡುವುದಿಲ್ಲ, ವಿದ್ಯುತ್ತೂ ಹರಿಯುವುದಿಲ್ಲ. ನಕಲಿ ತುಂಬಾ ಇದೆ, ಅದೊಂದು ತಲೆನೋವು. ಹಚ್ಚುವ ಮುಂಚೆ ಹತ್ತು ನಿಮಿಷ ಫ್ರಿಜ್‌ನಲ್ಲಿಡಿ, ಪ್ಲಾಸ್ಟಿಕ್ ಹಾಳೆ ಆಗ ಸುಲಭವಾಗಿ ಬಿಡುತ್ತದೆ. ಸಿಗದಿದ್ದರೆ ಗಟ್ಟಿ ಇರುವ ಪೇಸ್ಟ್ ತಗೊಳ್ಳಿ. ತುಂಬಾ ತೆಳ್ಳಗಿರುವುದು ಬರಿ ಚಿಪ್ಪಿನ ಮೇಲೆ ಬೇಗ ಸರಿಯುತ್ತದೆ.

ಹೇಮಾವತಿ_ದಂಡೆ

ಹನ್ನೊಂದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಶೀಟ್ ಸಿಗಲಿಲ್ಲ, ಒಂದು ಸಿಕ್ಕಿತು ಆದರೆ ಅಸಲಿನಾ ಗೊತ್ತಾಗಲಿಲ್ಲ, ಬಿಟ್ಟೆ. ಗಟ್ಟಿ ಪೇಸ್ಟ್ ಹಾಕಿದೆ.

ಬಿಚ್ಚಿದಾಗ ಅಕ್ಕ ಹೇಳಿದ ಹಾಗೇ ಇತ್ತು. ಚಿಪ್ಪಿನ ನಡುವೆ ನನ್ನ ಮುಖ ಕಾಣುವಷ್ಟು ಹೊಳಪು, ಸುತ್ತ ಒಣಗಿದ ಸುಣ್ಣದ ಹಾಗೆ ಪೇಸ್ಟ್. ರೆಕ್ಕೆಗಳಲ್ಲಿ ಧೂಳಿನ ಕಂಬಳಿಯೂ ಇತ್ತು, ಕಣದ ಅಣ್ಣ ಹೇಳಿದಷ್ಟು ದಪ್ಪ ಇಲ್ಲ.

ರೂಮ್ ಅದೇ 26. ಹತ್ತು ನಿಮಿಷದ ಕೊನೆಗೆ 56 ವ್ಯಾಟ್, ಅತಿ ಬಿಸಿ 93, ಅತಿ ತಣ್ಣಗೆ 85. 97 ಇದ್ದದ್ದು 93 ಆಯಿತು ಅಷ್ಟೇನಾ ಅಂತ ರೂಮ್‌ಮೇಟ್ ನಗುತ್ತಿದ್ದಾನೆ.

ಬೆಸುಗೆ_ಬೆಂಚು

ನಗಲಿ ಬಿಡಿ. ಮುಂಚೆ ರೂಮಿಗಿಂತ 71 ಡಿಗ್ರಿ ಮೇಲೆ ಹೋಗಿ 41 ವ್ಯಾಟ್ ಸಾಗಿಸುತ್ತಿತ್ತು, ಒಂದು ವ್ಯಾಟ್‌ಗೆ 1.7 ಡಿಗ್ರಿ. ಈಗ 67 ಡಿಗ್ರಿಗೆ 56 ವ್ಯಾಟ್, ಒಂದು ವ್ಯಾಟ್‌ಗೆ 1.2. ಹಳೆ 41 ವ್ಯಾಟ್ ಮಾತ್ರ ಕೊಟ್ಟರೆ ಈಗ 75 ಡಿಗ್ರಿ ಆಸುಪಾಸಿಗೇ ನಿಲ್ಲುತ್ತದೆ. ವಿಡಿಯೋದವರ 20 ಡಿಗ್ರಿ ನಿಮಗೂ ಬಂದಿದೆ, ಪ್ರೊಸೆಸರ್ ಅದನ್ನು ವೇಗಕ್ಕೆ ಖರ್ಚು ಮಾಡಿಕೊಂಡಿದೆ. ರೆಂಡರ್ ಟೈಮ್ ನೋಡಿ. ಫ್ಯಾನ್ ಸದ್ದು ಬೇಡ ಅಂದರೆ `PL1`, ಅಂದರೆ ಪ್ರೊಸೆಸರ್ ಸತತವಾಗಿ ಎಳೆಯಬಹುದಾದ ವ್ಯಾಟ್ ಮಿತಿಯನ್ನು, 45ಕ್ಕೆ ಇಳಿಸಿಕೊಳ್ಳಿ.

ಅಂತರ 19 ಇದ್ದದ್ದು 8 ಆಗಿದೆ. ಆ ಅಂಕಿಯನ್ನು ಎಲ್ಲಾದರೂ ಬರೆದಿಡಿ. ಆರು ತಿಂಗಳಿಗೊಮ್ಮೆ ನೋಡಿ, 15 ದಾಟಿದ ದಿನ ಮತ್ತೆ ಬಿಚ್ಚಿ.

ಹೇಮಾವತಿ_ದಂಡೆ

ರೆಂಡರ್ 14 ನಿಮಿಷದಿಂದ 11ಕ್ಕೆ ಬಂದಿದೆ ಅಕ್ಕ. `PL1` 45 ಇಟ್ಟೆ, ರಾತ್ರಿ ರೂಮ್‌ಮೇಟ್ ಬೈಯಲಿಲ್ಲ.

ನೆಲಮನೆ_ನೆಟ್‌ವರ್ಕ್

ಲಿಕ್ವಿಡ್ ಮೆಟಲ್ ಹಾಕಿದ್ದರೆ 10ಕ್ಕೆ ಬರುತ್ತಿತ್ತು. ಸುಮ್ನೆ ಹೇಳಿದೆ.

ಶಾಂತಿಗ್ರಾಮ_ರಮೇಶಪ್ಪ

ರೇಡಿಯೇಟರ್ ಮೇಲಕ್ಕೆ ಹಾಕಿಸಿದೆ, ಗುರ್ ಅನ್ನುವುದು ನಿಂತಿತು. ಬೆಸುಗೆ ಬೆಂಚು ಮೇಡಂಗೆ ಥ್ಯಾಂಕ್ಸ್. ಈಗ ಆ ಬಣ್ಣದ ಲೈಟ್ ಆರಿಸುವುದು ಹೇಗೆ?